ವಿನಾಯಕ ಅವರಿಗೆ: ಗೈಡ್ ಆಗಲಾರೆ, ಆದರೆ ತಿಂಗಳಿಗೊಂದು ಭಾನುವಾರ ಸಿಗುತ್ತೇನೆ

ವಿನಾಯಕ, ನಿಮ್ಮ ಪ್ರಶ್ನೆ ನೋಡಿ ವಾರ ಆಯಿತು. ಉತ್ತರ ತಡವಾಯಿತು, ಬೇಜಾರಾಗಬೇಡಿ. ನಾನಿರುವ ಫೀಲ್ಡ್ ಕ್ಯಾಂಪಿನಲ್ಲಿ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು. ಹತ್ತಿದವರು ಮೊದಲು ಮನೆಗೆ ಫೋನ್ ಮಾಡುತ್ತಾರೆ, ಉಳಿದದ್ದೆಲ್ಲ ಆಮೇಲೆ.

"ಅಕ್ಕಾ, ನನಗೆ ಗೈಡ್ ಆಗ್ತೀರೇನು? ನಂಬರ್ ಕೊಡ್ರಿ, ದಿನಾ ಹತ್ತು ನಿಮಿಷ ಮಾತಾಡಿದ್ರ ಸಾಕು" ಅಂತ ಕೇಳಿದ್ದೀರಿ. ಗದಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಹಕ್ಕಿಗಳ ಹುಚ್ಚು, ಮುಂದೆ ವನ್ಯಜೀವಿ ಓದಬೇಕು ಅನ್ನುವ ಆಸೆ, ಮನೆಯಲ್ಲಿ "ಹಕ್ಕಿ ನೋಡಿದ್ರ ಹೊಟ್ಟಿ ತುಂಬತೈತೇನು" ಅನ್ನುವ ಅಪ್ಪನ ಮಾತು. ಎಲ್ಲ ಬರೆದಿದ್ದೀರಿ. ಹೀಗೆ ಬಿಚ್ಚಿ ಬರೆಯುವುದಕ್ಕೆ ಧೈರ್ಯ ಬೇಕು, ಅದಕ್ಕೇ ನಾನೂ ಸುತ್ತಿ ಬಳಸದೆ ಹೇಳುತ್ತೇನೆ.

ಗೈಡ್ ಆಗಲು ನನ್ನಿಂದ ಆಗುವುದಿಲ್ಲ. ನಂಬರ್ ಕೂಡ ಕೊಡುವುದಿಲ್ಲ.

ನೀವು ಕೇಳಿದ್ದು ತಪ್ಪು ಅಂತಲ್ಲ. ನನ್ನ ಕೆಲಸವೇ ಹಾಗಿದೆ. ವನ್ಯಜೀವಿ ಸರ್ವೆ ಶುರುವಾದರೆ ಬೆಳಗಿನ ಜಾವಕ್ಕೆ ಹೊರಟು, ಸಂಜೆ ಬಂದು, ಹಾಳೆಯಲ್ಲಿ ಬರೆದಿದ್ದನ್ನೆಲ್ಲ ಕಂಪ್ಯೂಟರಿಗೆ ತುಂಬಿ ಮಲಗುವುದು. ಪ್ರಾಜೆಕ್ಟಿನಲ್ಲಿ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳಿದ್ದಾರೆ, ಅವರ ಥೀಸಿಸ್ ನನ್ನ ಜವಾಬ್ದಾರಿ. ಮನೆಯಲ್ಲಿ ಯುಕೆಜಿ ಓದುವ ಮಗಳಿದ್ದಾಳೆ, ಅವಳ ಪಾಲಿನ ಹೊತ್ತು ಆಗಲೇ ಸಾಕಷ್ಟು ಕಡಿಮೆ. ದಿನಾ ಹತ್ತು ನಿಮಿಷ ಅನ್ನುವುದು ಕೇಳಲು ಸಣ್ಣದು, ಆದರೆ ನಿಮ್ಮ ಹಾಗೆ ಕೇಳುವವರು ನೀವೊಬ್ಬರೇ ಅಲ್ಲ. ಎಲ್ಲರಿಗೂ ಹೂಂ ಅಂದು ಯಾರಿಗೂ ಸಿಗದೆ ಹೋದರೆ, ನೀವು ನನ್ನ ಉತ್ತರಕ್ಕೆ ಕಾಯುತ್ತಾ ಕೂತು ಒಂದು ಚಳಿಗಾಲ ಕಳೆದುಕೊಳ್ಳುತ್ತೀರಿ.

ಹಾಗಾದರೆ ಏನು ಮಾಡಬಲ್ಲೆ? ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಇಲ್ಲಿಯೇ, ಎಲ್ಲರಿಗೂ ಕಾಣುವ ಹಾಗೆ, ಒಂದು ತಾಸು ಉತ್ತರ ಬರೆಯುತ್ತೇನೆ. ಒಬ್ಬರಿಗೆ ಒಂದು ಪ್ರಶ್ನೆ. ಖಾಸಗಿಯಾಗಿ ಕಳಿಸಿದರೆ ಉತ್ತರಿಸುವುದಿಲ್ಲ. ಬಿಂಕ ಅಂದುಕೊಳ್ಳಬೇಡಿ, ನಿಮಗೆ ಹೇಳಿದ್ದು ಹಾವೇರಿಯಲ್ಲೋ ರಾಯಚೂರಿನಲ್ಲೋ ಕೂತು ಇದನ್ನೇ ಯೋಚಿಸುತ್ತಿರುವ ಇನ್ನೊಬ್ಬರಿಗೂ ಸಿಗಲಿ ಅಂತ. ಇನ್ನೊಂದು: ಮುಂದೆ ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ "ಈ ಕೋರ್ಸ್ ನನಗೆ ಯಾಕೆ ಬೇಕು" ಅಂತ ಒಂದು ಪುಟ ಬರೆಯಬೇಕಾಗಿ ಬಂದರೆ, ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ಕಳಿಸಿ, ಒಂದು ಸಲ ಓದಿ ಗುರುತು ಹಾಕಿ ಕೊಡುತ್ತೇನೆ. ಹಿಂದಿನ ರಾತ್ರಿ ಬಂದರೆ ಓದುವುದಿಲ್ಲ, ಮುಂಚೆಯೇ ಹೇಳಿಬಿಡುತ್ತೇನೆ.

"ಸರ್ವೆಗೆ ನನ್ನನ್ನೂ ಕರ್ಕೊಂಡು ಹೋಗ್ರಿ, ಊಟ ವಸತಿ ನಾನೇ ನೋಡ್ಕೋತೀನಿ" ಅಂದಿದ್ದೀರಿ. ಆಗುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ಒಳಗೆ ಹೋಗುವವರ ಹೆಸರು ಇರುತ್ತದೆ, ಅದರಲ್ಲಿ ಇಲ್ಲದವರನ್ನು ಕರೆದುಕೊಂಡು ಹೋದರೆ ಇಡೀ ಪ್ರಾಜೆಕ್ಟಿಗೇ ತೊಂದರೆ. ಶಿಫಾರಸು ಪತ್ರವನ್ನೂ ಕೊಡಲಾರೆ. ನಿಮ್ಮ ಕೆಲಸವನ್ನು ಕಣ್ಣಾರೆ ನೋಡದೆ ಬರೆದ ಪತ್ರ ಓದುವವರಿಗೆ ಗೊತ್ತಾಗಿಯೇ ಆಗುತ್ತದೆ, ಅದರಿಂದ ನಿಮಗೇ ನಷ್ಟ.

ಇಷ್ಟು ಇಲ್ಲ ಅಂದಮೇಲೆ, ನಿಮ್ಮ ಮೊದಲ ತಿಂಗಳ ಪ್ರಶ್ನೆಗೆ ಈಗಲೇ ಉತ್ತರ ಕೊಡುತ್ತೇನೆ. "ಯಾವ ಕ್ಯಾಮೆರಾ ತಗೊಳ್ಳಲಿ, ಎಲ್ಲಿಂದ ಶುರು ಮಾಡಲಿ" ಅಂತ ಕೇಳಿದ್ದಿರಿ.

ಕ್ಯಾಮೆರಾ ಬೇಡ. ಸಾಲ ಮಾಡಿ ಲೆನ್ಸ್ ತಗೊಳ್ಳುವುದಂತೂ ಬೇಡವೇ ಬೇಡ. ಒಂದು 8x42 ಬೈನಾಕ್ಯುಲರ್ ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಮೊದಲು ನಿಮ್ಮ ಪ್ರಾಣಿಶಾಸ್ತ್ರ ವಿಭಾಗದ ಬೀರುವಿನಲ್ಲಿ ಒಂದು ಇದೆಯಾ ಕೇಳಿ. ಎಷ್ಟೋ ಕಾಲೇಜುಗಳಲ್ಲಿ ಇರುತ್ತದೆ, ಬೀಗ ಹಾಕಿ ಇಟ್ಟಿರುತ್ತಾರೆ. ಸಹಿ ಮಾಡಿ ಶನಿವಾರ ತಂದು ಸೋಮವಾರ ಕೊಡುತ್ತೇನೆ ಅಂದರೆ ಹೆಚ್ಚಿನ ಮೇಷ್ಟ್ರುಗಳು ಇಲ್ಲ ಅನ್ನುವುದಿಲ್ಲ.

ಇನ್ನು ಎಲ್ಲಿಂದ ಶುರು? ನೀವು ಗದಗದಲ್ಲಿದ್ದೀರಿ ಮಾರಾಯ್ರೇ! ಬಸ್ ಹತ್ತಿದರೆ ಮಾಗಡಿ ಕೆರೆ. 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಗುರುತಿಸಿದ ಕೆರೆ ಅದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದು ನಿಮ್ಮ ಜಿಲ್ಲೆಯಲ್ಲಿ ಇಳಿಯುತ್ತವೆ, ನೀವು ಬೆಂಗಳೂರಿಗೆ ಬಂದು ಯಾರನ್ನೋ ಭೇಟಿಯಾದರೆ ದಾರಿ ಸಿಗುತ್ತದೆ ಅಂದುಕೊಂಡಿದ್ದೀರಿ.

ನವೆಂಬರಿನಿಂದ ಮಾರ್ಚ್‌ವರೆಗೆ ವಾರಕ್ಕೊಂದು ಬೆಳಗ್ಗೆ ಆ ಕೆರೆಗೆ ಹೋಗಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿಗೆ, ಅಷ್ಟೇ ಹೊತ್ತು ಎಣಿಸಿ. ಸಾವಿರ ಹಕ್ಕಿ ಕಂಡರೆ ಗಾಬರಿಯಾಗಬೇಡಿ. ಮೊದಲು ಒಂದು ಮೂಲೆಯಲ್ಲಿ ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿಟ್ಟುಕೊಳ್ಳಿ. ಆಮೇಲೆ ಅದೇ ಅಳತೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಗುಂಪಿನ ಈ ತುದಿಯಿಂದ ಆ ತುದಿಗೆ ಹೋಗಿ. ಬಲದಿಂದ ಎಡಕ್ಕೆ ಇನ್ನೊಮ್ಮೆ ಮಾಡಿ. ಎರಡೂ ಲೆಕ್ಕದ ನಡುವೆ ತುಂಬಾ ವ್ಯತ್ಯಾಸ ಬಂದರೆ ಮೂರನೇ ಸಲ. ಎಲ್ಲ ಲೆಕ್ಕವನ್ನೂ ಬರೆದಿಡಿ, ಚೆನ್ನಾಗಿ ಕಂಡದ್ದನ್ನು ಮಾತ್ರ ಅಲ್ಲ.

ಸುಮ್ನೆ ಎಣಿಸಿದರೆ ಏನು ಬಂತು ಅಂತ ಕೇಳಬಹುದು. ಎಣಿಸುತ್ತಾ ಹೋದರೆ ಪ್ರಶ್ನೆ ತಾನಾಗಿ ಏಳುತ್ತದೆ. ಬೆಳೆದ ಹೆಬ್ಬಾತಿನ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತದೆ. ಆ ವರ್ಷ ಹುಟ್ಟಿದ ಮರಿಗೆ ಆ ಪಟ್ಟೆ ಇರುವುದಿಲ್ಲ, ನೆತ್ತಿಯ ಹಿಂಭಾಗ ಮಂಕು ಕಪ್ಪಾಗಿ ಕಾಣುತ್ತದೆ. ಹಾಗಾದರೆ ನವೆಂಬರಿನಲ್ಲಿ ಬಂದ ಗುಂಪಿನಲ್ಲಿ ನೂರಕ್ಕೆ ಎಷ್ಟು ಮರಿ? ಮುಂದಿನ ವರ್ಷ ಎಷ್ಟು? ಕೆರೆಯಿಂದ ಎದ್ದು ಯಾವ ಹೊಲಕ್ಕೆ ಮೇಯಲು ಹೋಗುತ್ತವೆ, ಆ ಹೊಲದವರು ಏನನ್ನುತ್ತಾರೆ? ಕೆಲವು ಹಕ್ಕಿಗಳ ಕುತ್ತಿಗೆಯಲ್ಲಿ ಅಕ್ಷರ, ಅಂಕಿ ಇರುವ ಪಟ್ಟಿ ಕಾಣಬಹುದು. ಮಂಗೋಲಿಯಾದಲ್ಲಿ ತೊಡಿಸಿದ ಅಂಥ ಪಟ್ಟಿಯ ಹೆಬ್ಬಾತುಗಳು ಕರ್ನಾಟಕದಲ್ಲಿ ಸಿಕ್ಕಿವೆ. ನಿಮಗೊಂದು ಕಂಡರೆ ಬಣ್ಣ, ಅಕ್ಷರ, ಅಂಕಿ ಮೂರನ್ನೂ ಬರೆದುಕೊಳ್ಳಿ. ಆ ವಾರ ಮಾತ್ರ ಮೊದಲ ಭಾನುವಾರಕ್ಕೆ ಕಾಯಬೇಡಿ, ತಕ್ಷಣ ಹೇಳಿ!

ಎಣಿಕೆಯನ್ನು ಇ-ಬರ್ಡ್ ಅನ್ನುವ ಉಚಿತ ಆ್ಯಪ್‌ನಲ್ಲಿ ಹಾಕಿ. ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ನಿಮಿಷ, ಎಷ್ಟು ದೂರ ನಡೆದಿರಿ ಅಂತ ಅದೇ ಕೇಳುತ್ತದೆ. ಕೊನೆಯಲ್ಲಿ "ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ" ಅಂತಲೂ ಕೇಳುತ್ತದೆ. ಅದಕ್ಕೆ ಹೌದು ಅನ್ನುವ ಹಾಗೆ ಕೆಲಸ ಮಾಡಿ, ಕಾಗೆ ಗೊರವಂಕವನ್ನೂ ಬಿಡಬೇಡಿ. ಅಪರೂಪದ ಹಕ್ಕಿ ಹಾಕಿದರೆ ಪರಿಶೀಲಿಸುವವರು ವಿವರ ಕೇಳುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ, ದುಡ್ಡಿಲ್ಲದೆ ಸಿಗುವ ಪಾಠ ಅದು. ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದೆಲ್ಲೆಡೆ ಹಕ್ಕಿ ಎಣಿಕೆ ನಡೆಯುತ್ತದೆ, ಕಾಲೇಜುಗಳಿಗೆ ಅಂತಲೇ ಕ್ಯಾಂಪಸ್ ಎಣಿಕೆಯೂ ಇದೆ. ನಿಮ್ಮ ಕಾಲೇಜಿನಿಂದ ಯಾರೂ ಸೇರಿಲ್ಲದಿದ್ದರೆ ನೀವೇ ನಾಲ್ಕು ಜನರನ್ನು ಎಬ್ಬಿಸಿ ಕರೆದುಕೊಂಡು ಹೋಗಿ.

ಗೂಡಿನ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ. ಇದರ ಬಗ್ಗೆ ನನ್ನ ಹತ್ತಿರ ಚರ್ಚೆ ಇಲ್ಲ.

ಗೈಡ್ ವಿಷಯಕ್ಕೆ ಬರುತ್ತೇನೆ. ನಿಮಗೆ ಬೇಕಾದ ಗೈಡ್ ಹತ್ತಿರದಲ್ಲೇ ಇರುವವರು, ನಾಲ್ಕುನೂರು ಕಿಲೋಮೀಟರ್ ದೂರದ ನಾನಲ್ಲ. ಕೆರೆಯಲ್ಲಿ ಇಲಾಖೆಯ ವಾಚರ್ ಇರುತ್ತಾರೆ. ಹಕ್ಕಿಗಳು ಯಾವ ವಾರ ಬಂದವು, ಯಾವ ವರ್ಷ ನೀರಿಲ್ಲದೆ ಬರಲೇ ಇಲ್ಲ ಅನ್ನುವುದು ಅವರ ಬಾಯಲ್ಲಿ ಇರುತ್ತದೆ. ಹೋದ ದಿನವೇ ಪ್ರಶ್ನೆ ಸುರಿಯಬೇಡಿ, ನಾಲ್ಕು ಸಲ ಮುಖ ತೋರಿಸಿ, ಚಹಾ ಕುಡಿಯಿರಿ, ಆಮೇಲೆ ಕೇಳಿ. ನಿಮ್ಮ ಮೇಷ್ಟ್ರಿಗೆ ಹಕ್ಕಿ ಗೊತ್ತಿಲ್ಲ ಅಂತ ಬರೆದಿದ್ದೀರಿ. ಇರಲಿ. ಅಂಕಿಅಂಶ ಗೊತ್ತಿರುತ್ತದೆ, ವರದಿ ಹೇಗೆ ಬರೆಯಬೇಕು ಅನ್ನುವುದು ಗೊತ್ತಿರುತ್ತದೆ. ಐದು ತಿಂಗಳ ಎಣಿಕೆ ಅವರ ಮುಂದಿಟ್ಟು "ಸರ್, ಇದನ್ನ ಪ್ರಾಜೆಕ್ಟ್ ಮಾಡಬಹುದೇ" ಅಂತ ಕೇಳಿ. ನಾಳೆ ಶಿಫಾರಸು ಪತ್ರ ಬರೆಯುವವರೂ ಅವರೇ, ಮತ್ತು ಅವರು ಬರೆದರೆ ಅದಕ್ಕೊಂದು ತೂಕ ಇರುತ್ತದೆ.

ಎಂ.ಎಸ್ಸಿ.ಗೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ನಮ್ಮ ಕುವೆಂಪು ವಿಶ್ವವಿದ್ಯಾಲಯ, ಈ ಮೂರರ ವೆಬ್‌ಸೈಟ್ ನೋಡಿ. ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಕೋರ್ಸಿಗೆ ಪ್ರತಿ ವರ್ಷ ಸೇರಿಸಿಕೊಳ್ಳುವುದಿಲ್ಲ, ಎರಡು ವರ್ಷಕ್ಕೊಮ್ಮೆ. ಹಾಗಾಗಿ ನಿಮ್ಮ ಡಿಗ್ರಿ ಮುಗಿಯುವ ವರ್ಷಕ್ಕೆ ಅದು ಕೂಡಿ ಬರುತ್ತದಾ ಅಂತ ಈಗಲೇ ಲೆಕ್ಕ ಹಾಕಿ. ಇಂಗ್ಲಿಷ್ ಬರುವುದಿಲ್ಲ ಅನ್ನುವ ಹೆದರಿಕೆ ಇದೆ ಅಲ್ವಾ? ನೋಟ್‌ಬುಕ್ ಕನ್ನಡದಲ್ಲೇ ಬರೆಯಿರಿ. ವಾರಕ್ಕೊಂದು ಪುಟ ಮಾತ್ರ ಅದನ್ನೇ ಇಂಗ್ಲಿಷಿನಲ್ಲಿ ಬರೆದು ನೋಡಿ, ತಪ್ಪಾದರೆ ಆಗಲಿ. ನಿಮಗೆ ಗೊತ್ತಿರುವ ವಿಷಯವನ್ನೇ ಬರೆಯುವಾಗ ಭಾಷೆ ಬೇಗ ಹತ್ತುತ್ತದೆ.

ಅಪ್ಪನ ಪ್ರಶ್ನೆಗೆ ಮಾತ್ರ ಸಿಹಿ ಉತ್ತರ ಇಲ್ಲ. ಈ ಕ್ಷೇತ್ರದಲ್ಲಿ ಶುರುವಿನ ಕೆಲಸಗಳು ಜಾಸ್ತಿ ಪ್ರಾಜೆಕ್ಟ್ ಮೇಲೆ, ಒಂದು ವರ್ಷ, ಎರಡು ವರ್ಷ, ಆಮೇಲೆ ಮತ್ತೆ ಹುಡುಕಾಟ. ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಬಿ.ಎಡ್., ಅರಣ್ಯ ಇಲಾಖೆಯ ಪರೀಕ್ಷೆಗಳು, ಇವನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಹಕ್ಕಿ ಎಣಿಸುವ ಮೇಷ್ಟ್ರು, ಹಕ್ಕಿ ಎಣಿಸುವ ಫಾರೆಸ್ಟರ್ ಆದರೂ ಹಕ್ಕಿಗೇನೂ ಬೇಜಾರಿಲ್ಲ. ಅಪ್ಪನನ್ನು ಒಂದು ಬೆಳಗ್ಗೆ ಕೆರೆಗೆ ಕರೆದುಕೊಂಡು ಹೋಗಬಹುದು ಬೇಕಾದರೆ, ಹೊಲ ಇರುವವರಾದ್ದರಿಂದ ಬಾತುಗಳ ಬಗ್ಗೆ ಅವರಿಗೂ ಏನಾದರೂ ದೂರು ಇದ್ದೇ ಇರುತ್ತದೆ, ಅದನ್ನೂ ಬರೆದುಕೊಳ್ಳಿ.

ಬೇರೆ ವಿದ್ಯಾರ್ಥಿಗಳೂ ಇದನ್ನು ಓದುತ್ತಿದ್ದರೆ, ನಿಮಗೂ ಇದೇ ನಿಯಮ. ನಿಮ್ಮ ಊರಿನ ಕೆರೆ ಅಥವಾ ಗುಡ್ಡದ ಹೆಸರು ಹಾಕಿ, ಏನು ನೋಡಿದಿರಿ, ಎಷ್ಟು ಎಣಿಸಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಬರೆದು ಕೇಳಿ. "ಏನಾದ್ರೂ ಹೇಳಿ ಮೇಡಂ" ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮಂಜು ಮಂಜಾದ ಫೋಟೋ ಹಾಕಿ ಇದು ಯಾವ ಹಕ್ಕಿ ಅಂತ ಕೇಳಿದರೂ ಅಷ್ಟೇ, ಅದಕ್ಕೆ ಒಳ್ಳೆಯ ಗುಂಪುಗಳಿವೆ, ಅಲ್ಲಿ ನನಗಿಂತ ಚೆನ್ನಾಗಿ ಗುರುತಿಸುವವರಿದ್ದಾರೆ.

ವಿನಾಯಕ, ಡಿಸೆಂಬರಿನ ಮೊದಲ ಭಾನುವಾರ ನಿಮ್ಮ ನವೆಂಬರ್ ತಿಂಗಳ ಎಣಿಕೆ ಹಾಕಿ. ತಾರೀಖು, ಗಂಟೆ, ನಿಂತ ಜಾಗ, ಎಷ್ಟು ಹೆಬ್ಬಾತು, ಅದರಲ್ಲಿ ಎಷ್ಟು ಮರಿ. ಒಂದು ವಾರ ತಪ್ಪಿದ್ದರೆ ಆ ಜಾಗ ಖಾಲಿ ಬಿಡಿ, ಅಂದಾಜಿನಲ್ಲಿ ತುಂಬಬೇಡಿ. ಅದರ ಕೆಳಗೆ ನಿಮ್ಮ ಪ್ರಶ್ನೆ, ಒಂದೇ.