ಅಪ್ಪನ ಅಂಗೈಯ ಬೇವು ಬೆಲ್ಲ

ಈ ಚಿತ್ರದಲ್ಲಿರುವುದು ಅಪ್ಪನ ಅಂಗೈ. ಇಂದು ಬೆಳಗ್ಗೆ ಎಣ್ಣೆ ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ನನಗೆ ಬೇವು ಬೆಲ್ಲ ಕೊಡಲು ಅವರು ಕೈ ಚಾಚಿದಾಗ ತೆಗೆದದ್ದು. ನಡುವೆ ಕಾಣುವ ಕಪ್ಪು ಚೂರು ಬೆಲ್ಲ. ಅದರ ಮೇಲಿರುವುದು ನಮ್ಮ ಹಿತ್ತಲ ಮರದ ಬೇವಿನ ಚಿಗುರು, ಇನ್ನೂ ಹಸಿರು ಹತ್ತದ ತಾಮ್ರಬಣ್ಣದ ಎಲೆ, ಜೊತೆಗೆ ನಾಲ್ಕಾರು ಬಿಳಿ ಹೂ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನುಣ್ಣಗೆ ಹೊಳೆಯುವ ಗೆರೆ ಕೈರೇಖೆಯಲ್ಲ. ಕುದಿಯುವ ಪಾಕ ಸಿಡಿದು ಸುಟ್ಟ ಕಲೆ.

ಅಪ್ಪ ಆಲೆಮನೆಯವರು. ಪಾಂಡವಪುರದ ಕಡೆಯ ನಮ್ಮ ಊರಿನಲ್ಲಿ 1994ರಿಂದ 2025ರವರೆಗೆ ಗಾಣ ಆಡಿಸಿದರು. ಹುಟ್ಟಿದಾಗಿನಿಂದ ನನ್ನ ಕೂದಲಿಗೆ, ಬಟ್ಟೆಗೆ, ಪುಸ್ತಕಗಳಿಗೆ ಕಬ್ಬಿನ ಹಾಲು ಕುದಿಯುವ ವಾಸನೆ ಅಂಟಿಕೊಂಡೇ ಇತ್ತು. ಶಾಲೆಯಿಂದ ಬಂದವಳು ಚೀಲವನ್ನು ಒಗೆದು ಕೊಪ್ಪರಿಗೆಯ ಹತ್ತಿರ ಓಡುತ್ತಿದ್ದೆ. ಕೆನೆಯಂತೆ ಮೇಲೆ ಬರುವ ಕೊಳೆಯನ್ನು ಅಪ್ಪ ಉದ್ದ ಹಿಡಿಯ ಜಾಲರಿಯಲ್ಲಿ ತೆಗೆಯುತ್ತಿದ್ದರು, ಅಳತೆ ನೋಡಿ ಸುಣ್ಣ ಹಾಕುತ್ತಿದ್ದರು, ಒಲೆಗೆ ಒಣಗಿದ ಕಬ್ಬಿನ ರಚ್ಚನ್ನು ತಳ್ಳುತ್ತಿದ್ದರು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ತಣ್ಣೀರಿಗೆ ಒಂದು ಹನಿ ಬಿಟ್ಟು, ಅದು ಉಂಡೆ ಕಟ್ಟುವುದನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಒಂದು ಟನ್ ಕಬ್ಬು ಅರೆದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ನೂರು ಕೆಜಿ ಬೆಲ್ಲ. ಉಳಿದದ್ದೆಲ್ಲ ಆವಿ, ಹೊಗೆ, ಬೆವರು.

ಕಳೆದ ವರ್ಷದ ಮೇ ತಿಂಗಳಲ್ಲಿ ಆಲೆಮನೆ ಮುಚ್ಚಿತು. ಕೂಲಿಯವರು ಸಿಗುತ್ತಿರಲಿಲ್ಲ, ಸಾಲ ಬೆಳೆಯುತ್ತಿತ್ತು. ಕೊಳ್ಳುವವರಿಗೆ ನಿಂಬೆಹಣ್ಣಿನ ಬಣ್ಣದ ಬೆಲ್ಲ ಬೇಕು. ಆ ಬಣ್ಣ ಬರಿಸಲು ಹಾಕುವ ಪುಡಿಯನ್ನು ಅಪ್ಪ ಕೊನೆಯವರೆಗೂ ಕೊಪ್ಪರಿಗೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬೆಲ್ಲ ಕಂದಾಗಿದೆ ಎಂದು ಪ್ರತಿ ಬಾರಿಯೂ ಬೆಲೆ ಇಳಿಸಿದರು. ಹೊಳಪಿನ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಟ್ಟು, ಕೆಂಪು ಬೆಲ್ಲ ಮಾಡಿದವನನ್ನು ಸೋಲಿಸಿದ್ದು ನಮ್ಮೆಲ್ಲರ ಕಣ್ಣು. ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಕೊನೆಯ ಕೊಪ್ಪರಿಗೆ ಇಳಿಸಿದ ದಿನ ಬೆಲ್ಲದ ಎಲ್ಲ ಅಚ್ಚುಗಳನ್ನೂ ಲೆಕ್ಕ ಹಾಕಿ ಲಾರಿಗೆ ತುಂಬಿಸಿದ ಅಪ್ಪ, ಎರಡನ್ನು ಮಾತ್ರ ಹಿಂದಕ್ಕೆ ಇಟ್ಟುಕೊಂಡರು. ಅವ್ವ ಅವನ್ನು ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬದಲ್ಲಿಟ್ಟಳು. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಬಟ್ಟೆ ಒದ್ದೆಯಾಗುತ್ತಿತ್ತು, ಅವ್ವ ಬಟ್ಟೆ ಬದಲಿಸಿ ಡಬ್ಬವನ್ನು ಒಲೆಯ ಹತ್ತಿರ ಸರಿಸುತ್ತಿದ್ದಳು. ಕಂದು ಹೋಗಿ ಕಪ್ಪಾಯಿತು. ಇಂದಿನ ಬೇವು ಬೆಲ್ಲಕ್ಕೆ ಕುಟ್ಟಿದ್ದು ಅದನ್ನೇ.

ಮಗನಿಗೆ ಆರು ವರ್ಷ. ಕೈಗೆ ಬಂದ ಕೂಡಲೇ ಎಲೆಗಳನ್ನು ಒಂದೊಂದಾಗಿ ಆರಿಸಿ ಮಣೆಯ ಮೇಲೆ ಸಾಲಾಗಿ ಜೋಡಿಸಿದ, ಬೆಲ್ಲವನ್ನು ಬಾಯಿಗೆ ಹಾಕಿಕೊಂಡ. ನಾನು ಗದರಿಸಲು ಹೋದೆ. ಅಪ್ಪ ಕಣ್ಣಲ್ಲೇ ಬೇಡವೆಂದರು. ಒಂದು ಹೂವನ್ನು ಮಾತ್ರ ತೆಗೆದು ಅವನ ನಾಲಿಗೆಯ ಮೇಲೆ ಇಟ್ಟು, "ಈ ವರ್ಷ ಒಂದು ಹೂ ಸಾಕು ಕಂದ, ಮುಂದಿನ ವರ್ಷ ಎರಡು ತಿನ್ನುವೆಯಂತೆ" ಎಂದರು. ಅವನು ಮುಖ ಕಿವಿಚಿದ, ಆದರೆ ಉಗುಳಲಿಲ್ಲ.

ನನಗೆ ಮಾತ್ರ ರಿಯಾಯಿತಿ ಇರಲಿಲ್ಲ. "ನುಂಗಬೇಡ, ಅಗಿ" ಎಂದರು. ಚಿಕ್ಕವಳಿದ್ದಾಗಿನಿಂದ ಹೇಳುವ ಮಾತು ಅದು. ಅಗಿದೆ. ಮೊದಲು ಬೆಲ್ಲವೇ ಬಂತು, ತುಸು ಹೊಗೆಯ ಘಮದೊಂದಿಗೆ, ನಾಲಿಗೆಯ ತುದಿಯಲ್ಲಿ. ಆಮೇಲೆ ಹಿಂದಿನಿಂದ ಬೇವು. ಬೆಲ್ಲ ಕರಗಿ ಹೋದ ಮೇಲೂ ಗಂಟಲಲ್ಲಿ ಅದು ಕುಳಿತೇ ಇತ್ತು. ಇಷ್ಟು ವರ್ಷ ತಿಂದಿದ್ದರೂ ಈ ಕ್ರಮವನ್ನು ನಾನು ಗಮನಿಸಿರಲಿಲ್ಲ. ಸಿಹಿ ಬೇಗ ಕರಗುತ್ತದೆ, ಕಹಿ ನಿಲ್ಲುತ್ತದೆ. ಹೀಗೆಂದಾಗ ಅಪ್ಪ, "ಬೇವು ತಾನಾಗಿ ಚಿಗುರುತ್ತದೆ ಮಗಳೇ. ಬೆಲ್ಲವನ್ನು ಯಾರಾದರೂ ಬೆಂಕಿಯ ಮುಂದೆ ನಿಂತು ಮಾಡಬೇಕು" ಎಂದರು. ಎಂದಿನ ದನಿಯಲ್ಲೇ ಹೇಳಿದರು. ನನಗೆ ಅವರ ಕೈಯ ಕಲೆ ಕಂಡಿತು.

ಯುಗಾದಿ ಎಂದರೆ ಸುಖ ದುಃಖ ಸಮನಾಗಿ ಸ್ವೀಕರಿಸುವುದು ಎಂದು ಎಲ್ಲರೂ ಬರೆಯುತ್ತೇವೆ, ನಾನೂ ಬರೆದಿದ್ದೇನೆ. ಇಂದು ಆ ಮಾತು ನನಗೆ ಸಾಲದು ಅನ್ನಿಸುತ್ತಿದೆ. ಬೇವು ಬೆಲ್ಲವನ್ನು ನಮ್ಮ ಮನೆಯಲ್ಲಿ ಯಾರೂ ತಾವೇ ತೆಗೆದುಕೊಂಡು ತಿಂದದ್ದಿಲ್ಲ. ಅಜ್ಜಿ ಅಪ್ಪನಿಗೆ ಕೊಟ್ಟಳು, ಅಪ್ಪ ನನಗೆ ಕೊಟ್ಟರು, ನಾನು ಮಗನಿಗೆ ಕೊಟ್ಟೆ. "ಶತಾಯುರ್ವಜ್ರದೇಹಾಯ" ಎಂದು ಹೇಳಿಕೊಂಡು ಕೊಡುವ ಆ ಕೈಯಲ್ಲಿ ಕಹಿಯೂ ಇರುತ್ತದೆ, ನೂರು ವರ್ಷ ಬಾಳು ಎನ್ನುವ ಹಾರೈಕೆಯೂ ಇರುತ್ತದೆ. ಕಹಿ ತಿಂದವರೇ ಬೆಲ್ಲ ಕುಟ್ಟಿ ಕೊಡುತ್ತಿದ್ದಾರೆ ಎಂಬುದು ಗೊತ್ತಿದ್ದರೆ, ಗಂಟಲಲ್ಲಿ ಉಳಿದ ಬೇವಿನ ಮೇಲೆ ಅಷ್ಟು ಮುನಿಸು ಬರುವುದಿಲ್ಲ.

ಈ ಸಂವತ್ಸರದ ಹೆಸರು ಪರಾಭವ. ಅಂದರೆ ಸೋಲು. ನಿನ್ನೆ ರಾತ್ರಿ ಅವ್ವ ಕ್ಯಾಲೆಂಡರಿನಲ್ಲಿ ಹೆಸರು ಓದಿ, "ಇದೆಂಥ ಹೆಸರು, ಮೊದಲೇ ನಮಗೆ ಆದದ್ದು ಸಾಲದೇ" ಎಂದು ಮುಖ ಸಣ್ಣ ಮಾಡಿದಳು. ಅಪ್ಪ ಬೆರಳು ಮಡಚಿ ಲೆಕ್ಕ ಹಾಕುತ್ತಾ ಕುಳಿತಿದ್ದರು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಬಂದಿದೆ. 1966ರ ಕಾರ್ತಿಕದಲ್ಲಿ ಅವರು ಹುಟ್ಟಿದಾಗಲೂ ನಡೆಯುತ್ತಿದ್ದದ್ದು ಪರಾಭವವೇ. ಶಾಲೆಯ ದಾಖಲೆಯಲ್ಲಿ ಅವರ ಹುಟ್ಟಿದ ದಿನ ಜೂನ್ 1 ಎಂದಿದೆ. ನಿಜವಾದ ದಿನವನ್ನು ಅಜ್ಜಿ ಸಂವತ್ಸರ, ಮಾಸ ಹೇಳಿಯೇ ನೆನಪಿಟ್ಟುಕೊಂಡಿದ್ದಳು. "ಈ ಹೆಸರಿನ ವರ್ಷದಲ್ಲೇ ನಾನು ಹುಟ್ಟಿದ್ದು. ನಿನ್ನನ್ನು ಮದುವೆಯಾದೆ, ಇವಳನ್ನು ಓದಿಸಿದೆ, ಊರಿಗೆಲ್ಲ ಬೆಲ್ಲ ತಿನ್ನಿಸಿದೆ. ಹೆಸರಿಗೇಕೆ ಹೆದರುತ್ತೀಯೆ" ಎಂದರು. ಅವ್ವ ಮಾತಾಡಲಿಲ್ಲ. ಎದ್ದು ಹೋಗಿ ಕಡಲೆಬೇಳೆ ಆರಿಸಲು ಕುಳಿತಳು.

ಇದನ್ನು ಬರೆಯುವ ಹೊತ್ತಿಗೆ ಮಾವಿನ ತೋರಣದ ಎಲೆಗಳು ಬಿಸಿಲಿಗೆ ಬಾಡತೊಡಗಿವೆ. ಅಡುಗೆಮನೆಯಲ್ಲಿ ಬೇಳೆ ಬೆಂದಿದೆ, ಕಟ್ಟನ್ನು ಅವ್ವ ಒಬ್ಬಟ್ಟಿನ ಸಾರಿಗೆ ಬಸಿದಿಟ್ಟಿದ್ದಾಳೆ. ಹೂರಣಕ್ಕೆ ಬೆಲ್ಲ ಬೇಕು. ಡಬ್ಬದಲ್ಲಿ ಉಳಿದಿರುವುದು ಒಂದೂವರೆ ಅಚ್ಚು. ಅವ್ವ ಡಬ್ಬವನ್ನು ಹಿಡಿದು ಬಾಗಿಲಿಗೆ ಬಂದಳು.

"ಅರ್ಧ ಹಾಕಲೇ? ಮುಂದಿನ ಯುಗಾದಿಗೆ ಒಂದಿಷ್ಟು ಇರಲಿ."

ಅಪ್ಪ ಜಗುಲಿಯಿಂದಲೇ ಹೇಳಿದರು: "ಎಲ್ಲವನ್ನೂ ಹಾಕು. ಮಗು ಬಂದಿದೆ. ಮುಂದಿನ ವರ್ಷ ಅಂಗಡಿಯ ಬೆಲ್ಲ ತಂದರಾಯಿತು. ಬೇವು ಹೇಗೂ ನಮ್ಮ ಮರದ್ದೇ."

ಒರಳಿನಲ್ಲಿ ಈಗ ಬೆಲ್ಲ ಕುಟ್ಟುವ ಸದ್ದು ಕೇಳುತ್ತಿದೆ.

ಎಲ್ಲರಿಗೂ ಪರಾಭವ ಸಂವತ್ಸರದ ಯುಗಾದಿಯ ಶುಭಾಶಯಗಳು.

#ಯುಗಾದಿ #ಬೇವುಬೆಲ್ಲ #ಆಲೆಮನೆ