ಕವರ್ ಕೈಗೆ ತಗೊಳ್ಳೋ ಮುಂಚೆ

ಅವ್ವ, ಸ್ಟವ್ ಸಣ್ಣಗೆ ಮಾಡಿ ಬಾ.
ಅಪ್ಪ, ಟಿವಿ ಸೌಂಡು ಕಮ್ಮಿ ಮಾಡು.
ಮೊದಲ ಸಂಬಳ ಬಂದಿದೆ, ಈ ಕವರಿನಲ್ಲಿದೆ.
ಕೊಡೋ ಮುಂಚೆ ಒಂದಿಷ್ಟು ಓದುತ್ತೇನೆ.
ಸುಮ್ನೆ ಕೈಗಿಟ್ಟರೆ
ನೀವೂ ಸುಮ್ನೆ ಬೀರುವಿನಲ್ಲಿ ಇಟ್ಟುಬಿಡುತ್ತೀರಿ.

ಮೊದಲು ಲೆಕ್ಕ.
ಹೇಳದಿದ್ದರೆ ಅವ್ವ ರಾತ್ರಿ ಕೇಳೇ ಕೇಳುತ್ತಾಳೆ.
ಆಫರ್ ಲೆಟರಿನಲ್ಲಿ ಬರೆದಿದ್ದು 20,000.
ಪಿಎಫ್‌ಗೆ 1,800 ಹೋಯಿತು,
ಇಎಸ್‌ಐಗೆ 150.
ಅಕೌಂಟಿಗೆ ಬಿದ್ದಿದ್ದು 18,050.
ಪೀಣ್ಯದ ಪಿಜಿಗೆ 7,000, ಊಟ ತಿಂಡಿ ಸೇರಿ.
(ಸಾರು ಬರೀ ನೀರು. ಆ ಕಥೆ ಆಮೇಲೆ.)
ಬಸ್ಸಿಗೆ ಖರ್ಚಿಲ್ಲ, ಆಧಾರ್ ತೋರಿಸಿದರೆ ಫ್ರೀ.
1,050 ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.
ಸಾಕಾಗುತ್ತಾ ಅಂತ ಕೇಳಬೇಡ ಅವ್ವ, ಸಾಕು.
ಉಳಿದಿದ್ದು 10,000.
ಕವರಿನ ಮೇಲೆ ಅಂಟಿಸಿರೋ ಒಂದು ರೂಪಾಯಿ ಸೇರಿಸಿದರೆ
10,001.

ಕಟ್ ಆಗಿದ್ದಕ್ಕೆ ಮುಖ ಸಣ್ಣ ಮಾಡಬೇಡ.
ನಿನ್ನ ಹಾಲಿನ ಬಟವಾಡೆಯೂ ಹಾಗೇ ಅಲ್ವಾ ಅವ್ವ?
ಹದಿನೈದು ದಿನ ಕತ್ತಲಲ್ಲೇ ಎದ್ದು ಡೇರಿಗೆ ಹಾಲು ಹಾಕಿ,
ಫ್ಯಾಟ್ ಕಮ್ಮಿ ಬಂತು ಅಂತ ಹಸುವಿನ ಮೇಲೆ ರೇಗಾಡಿ,
ಕೊನೆಗೆ ನೋಡಿದರೆ
ಫೀಡ್ ಮೂಟೆಯ ದುಡ್ಡು ಹಿಡಿದುಕೊಂಡಿರುತ್ತಾರೆ.
ನಮ್ಮನೇಲಿ ಯಾರ ದುಡಿಮೆ
ಪೂರ್ತಿ ಮನೆ ಸೇರಿದೆ ಹೇಳು?

ಆ ಬಟವಾಡೆಯಲ್ಲೇ ನನ್ನ ಡ್ರಾಫ್ಟರ್ ಬಂತು,
ವರ್ಕ್‌ಶಾಪಿಗೆ ಶೂ ಬಂತು,
ಮದ್ದೂರಿನಿಂದ ಮಂಡ್ಯಕ್ಕೆ ರೈಲಿನ ಪಾಸು ಬಂತು.
ಹೆಣ್ಣುಹುಡುಗಿಗೆ ಮೆಕ್ಯಾನಿಕಲ್ ಯಾಕೆ ಅಂದವರಿಗೆ
ನೀನು ಉತ್ತರ ಕೊಡಲಿಲ್ಲ.
ಕ್ಯಾನು ತೊಳೆದುಕೊಂಡು ಮನೆಗೆ ಬಂದೆ.

ಅಪ್ಪ, ನಿನ್ನದು ಬೇರೆ ಥರ.
ಆಲೆಮನೆ ಕೂಲಿ
ನೀನು ಕೆಲಸಕ್ಕೆ ಇಳಿಯೋ ಮುಂಚೆಯೇ ಖರ್ಚಾಗಿರುತ್ತಿತ್ತು.
ನನ್ನ ಫೀಸಿಗೆ ಮುಂಗಡ. ಅಜ್ಜಿ ಆಸ್ಪತ್ರೆಗೆ ಮುಂಗಡ.
ಆಮೇಲೆ ತಿಂಗಳುಗಟ್ಟಲೆ
ಕೊಪ್ಪರಿಗೆ ಮುಂದೆ ನಿಂತು ತೀರಿಸೋದು.
ಕಬ್ಬಿನ ಸಿಪ್ಪೆಯ ಹೊಗೆ, ಕೆಂಪಾದ ಕಣ್ಣು.
ಪಾಕ ಬಂತಾ ಅಂತ ನೀರಿಗೆ ಒಂದು ಹನಿ ಬಿಟ್ಟು
ಬೆರಳಲ್ಲಿ ಉರುಳಿಸಿ ನೋಡುತ್ತಿದ್ದೆ.
ನೀನು ಇಳಿಸು ಅಂದಾಗ ಇಳಿಸಬೇಕು,
ಯಜಮಾನರೂ ಎದುರು ಮಾತಾಡುತ್ತಿರಲಿಲ್ಲ.

ನಾನೀಗ ಮೈಕ್ರೋಮೀಟರ್ ಹಿಡಿದು ಶಾಫ್ಟ್ ಅಳೆಯುತ್ತೇನೆ.
ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸ ಇದ್ದರೂ ರಿಜೆಕ್ಟ್.
"ಇಷ್ಟು ಬೇಗ ಹೆಂಗಮ್ಮ ಕೈ ಕೂತಿತು?"
ಸೂಪರ್‌ವೈಸರ್ ಕೇಳಿದರು.
"ನಮ್ಮಪ್ಪ ಬೆಲ್ಲ ಕಾಯಿಸ್ತಾರೆ ಸಾರ್" ಅಂದೆ.
ಅವರಿಗೆ ಏನೂ ಅರ್ಥ ಆಗಲಿಲ್ಲ.
ಪರವಾಗಿಲ್ಲ, ನಿನಗೆ ಆಯಿತಲ್ಲ.

ನನ್ನ ಸಂಬಳ ಕೆಲಸ ಆದ ಮೇಲೆ ಬಂತು ಅಪ್ಪ.
ತಿಂಗಳು ದುಡಿದೆ, ಏಳನೇ ತಾರೀಕು ಮೆಸೇಜು ಬಂತು.
ಮುಂಗಡ ತಗೊಂಡಿರಲಿಲ್ಲ, ಮೂಟೆ ಬಾಕಿ ಇರಲಿಲ್ಲ.
ಕೈಗೆ ಬರೋ ಮುಂಚೆ ಎಲ್ಲೂ ಖರ್ಚಾಗದ ದುಡ್ಡು
ನಮ್ಮನೆಗೆ ಇದೇ ಮೊದಲು.
ಎಟಿಎಂ ಮುಂದೆ ನಿಂತು
ನನಗೆ ಜಾಸ್ತಿ ಖುಷಿಯಾಗಿದ್ದು ಇದಕ್ಕೇ.

ಈಗ ನನ್ನ ಷರತ್ತು.
ಅವ್ವ, ದೇವರ ಮುಂದೆ ಇಡು, ಕುಂಕುಮ ಹಚ್ಚು.
ಹೊಳೆ ಆಂಜನೇಯನಿಗೆ ಹೊತ್ತ ಹರಕೆ
ಈ ಶನಿವಾರವೇ ತೀರಿಸೋಣ.
ಆದರೆ ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಡ.
ಸಂಘಕ್ಕೆ ಕಟ್ಟಬೇಡ, ಚೀಟಿಗೆ ಹಾಕಬೇಡ.
"ನಿನ್ನ ಮದುವೆಗೆ ಒಂದು ಜೊತೆ ಓಲೆ" ಅಂತ
ಶುರು ಮಾಡಲೇಬೇಡ.
ನಿನ್ನ ಓಲೆ ಎಲ್ಲಿ ಅಡ ಇದೆ, ಬಡ್ಡಿ ಎಷ್ಟಾಗಿದೆ,
ಎಲ್ಲಾ ಗೊತ್ತು ನನಗೆ.
ಅದನ್ನು ಬಿಡಿಸೋಕೆ ಮುಂದಿನ ಸಂಬಳಗಳಿವೆ.

ಇದು ನಿಮ್ಮಿಬ್ಬರ ಮೈಮೇಲೆ ಖರ್ಚಾಗಬೇಕು.
ಅಪ್ಪನಿಗೆ ಕನ್ನಡಕ.
ಪೇಪರನ್ನು ಅಷ್ಟು ದೂರ ಹಿಡಿದರೆ
ಪಕ್ಕದ ಮನೆಯವರೇ ಓದಬೇಕು.
ಅವ್ವನಿಗೆ ಗಟ್ಟಿ ಚಪ್ಪಲಿ,
ಡೇರಿ ದಾರಿಯ ಕೆಸರಲ್ಲಿ ಜಾರದಂಥದ್ದು.
ಚೌಕಾಸಿ ಮಾಡಿ, ಬೇಡ ಅನ್ನಲ್ಲ.
ಬರಿಗೈಲಿ ವಾಪಸ್ ಮಾತ್ರ ಬರಬೇಡಿ.

ಆ 150 ರೂಪಾಯಿ ಹೇಳಿದೆನಲ್ಲ, ಇಎಸ್‌ಐ,
ಅದರಲ್ಲಿ ನಿಮ್ಮಿಬ್ಬರ ಹೆಸರೂ ಬರೆಸಿದ್ದೇನೆ.
ಅಪ್ಪ, ಇನ್ನು ಮಂಡಿಗೆ ಎಣ್ಣೆ ತಿಕ್ಕಿಕೊಂಡು
ಏನಿಲ್ಲ ಏನಿಲ್ಲ ಅಂತ ಕೂರೋ ಹಾಗಿಲ್ಲ.
ಪಿಎಫ್‌ಗೆ ನಾಮಿನಿ ಅವ್ವ.
ಹಾಗಂದ್ರೆ ಏನು ಅಂತ ಈಗ ಕೇಳಬೇಡ,
ಗೊತ್ತಾದರೆ ಬೈತೀಯ.

ಸರಿ, ಓದಿದ್ದು ಸಾಕು. ಅನ್ನ ಸೀದುಹೋಗುತ್ತೆ.
ಇಬ್ಬರೂ ಕೈ ಚಾಚಿ.
ಒಬ್ಬರಿಗೇ ಕೊಟ್ಟರೆ ಆಮೇಲೆ ಜಗಳ.
ಅವ್ವ, ಸೆರಗಿಗೆ ಕೈ ಒರೆಸಿಕೊಂಡಿದ್ದು ಸಾಕು, ಕೊಡು.
ಅಪ್ಪ, ನನ್ನ ಮುಂದೆಯೇ ಎಣಿಸು.
500ರ ನೋಟು, ಇಪ್ಪತ್ತು ಇರಬೇಕು.