304ರ ಮನಿಯಿಂದ ಎಲ್ಲಾ ಮನಿಯವರಿಗೆ

ಹಿರ್ಯಾರಿಗೆ, ಅಕ್ಕಾರಿಗೆ, ವೈನಿಯವರಿಗೆ, ಅಣ್ಣಾರಿಗೆ, ಹುಡುಗೂರಿಗೆ, ಎಲ್ಲಾರಿಗೂ ಶರಣು.

ಬರೋ ಬುಧವಾರ ನಾವು 304 ಖಾಲಿ ಮಾಡಿ ಗದಗಕ್ಕ ಹೊಂಟೀವಿ. ಲಿಫ್ಟಿನಾಗ ಸಿಕ್ಕ ಅರ್ಧಾ ಮಂದಿಗೆ ನಾನಾಗೇ ಹೇಳೀನಿ. ಉಳಿದವ್ರಿಗೆ ಸುದ್ದಿ ತಾನಾಗೇ ಮುಟ್ಟೈತಿ, ಆದ್ರ ಮುಟ್ಟೂದ್ರಾಗ ಬ್ಯಾರೇನ ಆಗೈತಿ. ಮಗನ ಹಂತ್ಯಾಕ ಬೆಂಗಳೂರಿಗೆ ಹೊಂಟಾರಂತ ಒಬ್ರು, ಮನಿ ಮಾರಿ ಬಿಟ್ರಂತ ಇನ್ನೊಬ್ರು. ಎರಡೂ ಸುಳ್ಳು. ಇವ್ರು ಹೋದ ತಿಂಗಳ ಆಖೇರಿಗೆ ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ್ರು. ಅತ್ತಿಯವರು ಬೆಟಗೇರಿ ಮನ್ಯಾಗ ಒಬ್ರೇ ಅದಾರ. "ಇಲ್ಲೇ ಬರ್ರಿ" ಅಂತ ಕರದ್ರ, ಲಿಫ್ಟಿಗೆ ಅಂಜತಾರ, ಪಾವಟಿಗಿ ಹತ್ತಾಕ ಮೊಣಕಾಲ ಕೇಳೂದಿಲ್ಲ. ಅವ್ರು ಬರಂಗಿಲ್ಲ ಅಂದ ಮ್ಯಾಲ ನಾವ ಹೋಗಬೇಕಲ್ರಿ. ಮನಿ ಮಾರಿಲ್ಲ, ಬಾಡಿಗಿಗೆ ಕೊಟ್ಟೀವಿ. ಬರೋರ ಬಗ್ಗೆ ಮುಂದ ಹೇಳ್ತೀನಿ.

2006ರಾಗ ನಾವು ಇಲ್ಲಿಗೆ ಬಂದಾಗ ಊರಿನ ಬೋರ್ಡ್ ಇನ್ನೂ ಹುಬ್ಳಿ ಅಂತಿತ್ತು. ಗಚ್ಚಿ ಮ್ಯಾಲ ನಿಂತ್ರ ಒಂದು ಕಡೆ ಉಣಕಲ್ ಕೆರಿ, ಇನ್ನೊಂದು ಕಡೆ ನೃಪತುಂಗ ಬೆಟ್ಟ, ನಡುವ ಏನೂ ಅಡ್ಡ ಇದ್ದಿಲ್ಲ. ಈಗ ಕೆರಿ ಕಾಣಬೇಕಂದ್ರ ನೀರಿನ ಟಾಕಿ ಮ್ಯಾಲ ಹತ್ತಬೇಕು. ಧಾರವಾಡ ರೋಡ್ ಅಗದ ವರ್ಷಗಳು ನಿಮಗೂ ನೆನಪಿರಬೇಕು. 2018ರಾಗ ಚಿಗರಿ ಬಸ್ ಓಡಾಕ ಹತ್ತೋ ತನಕ ಖಿಡಕಿ ತಗದ್ರ ಧೂಳು, ಹಾಕಿದ್ರ ಸೆಕಿ. ಮುಂಜಾನೆ ಒರಸಿದ ಟೀಪಾಯಿ ಮ್ಯಾಲ ಮಧ್ಯಾಹ್ನ ಹುಡುಗೂರು ಬಟ್ಟಿಲೆ ಹೆಸರು ಬರೀತಿದ್ವು.

ಆದ್ರ ಖರೇ ಹೇಳಬೇಕಂದ್ರ ನನಗ ಈ ಅಪಾರ್ಟ್‌ಮೆಂಟಿನ ಪರಿಚಯ ಆಗಿದ್ದು ನೀರಿನಿಂದ. ಆಗ ಮಲಪ್ರಭಾ ನೀರು ವಾರಕ್ಕೊಮ್ಮೆ, ಅದೂ ರಾತ್ರಿ ಯಾವ ಹೊತ್ತಿಗೆ ಅಂತ ದೇವ್ರಿಗೇ ಗೊತ್ತು. ಬಂದ ಮೊದಲನೇ ವಾರ, ನಡುರಾತ್ರ್ಯಾಗ ಬಾಗಲಾ ದಡದಡ ಬಡದ್ರು. ಏನು ಕೆಟ್ಟ ಸುದ್ದಿನೋ ಅಂತ ಎದಿ ಹಿಡಕೊಂಡು ತಗದ್ರ, 301ರ ವೈನಿ ಕೈಯಾಗ ಟಾರ್ಚ್ ಹಿಡದು ನಿಂತಾರ: "ನೀರು ಬಂದಾವ್ರಿ, ಏಳ್ರಿ!" ಇಷ್ಟೇ ಹೇಳಿ ಮುಂದಿನ ಬಾಗಲಾ ಬಡ್ಯಾಕ ಹೋದ್ರು. ಅವ್ರ ಹೆಸರು ಏನಂತ ನಾನು ಕೇಳಿದ್ದು ಮರದಿನ. ಆವತ್ತು ಎಲ್ಲಾರೂ ಬಕೆಟ್, ಡ್ರಮ್, ಹಂಡೆ, ಸಿಕ್ಕಿದ್ದೆಲ್ಲಾ ತಗೊಂಡು ಕೆಳಗ. ಯಾರು ಮುಂದ, ಯಾರು ಹಿಂದ ಅಂತ ಜಗಳ. ಆ ಜಗಳ ನೋಡೇ ಮುಂದ ನಾನು ನೀರಿನ ಬುಕ್ ಸುರು ಮಾಡಿದ್ದು. ಯಾವ ದಿನ ಬಂದ್ವು, ಎಷ್ಟೊತ್ತಿಗೆ ಬಂದ್ವು, ಸಂಪ್ ಎಲ್ಲಿ ತನಕ ತುಂಬ್ತು, ಯಾವ ಲೈನಿಗೆ ಎಷ್ಟು ಹೊತ್ತು ಬಿಟ್ವಿ, ಟ್ಯಾಂಕರ್ ತರಸಿದ್ರ ರೊಕ್ಕ ಎಷ್ಟು, ಎಲ್ಲಾ ಅದರಾಗೈತಿ. ಈಗ ನೀರಿನ ತ್ರಾಸ ಮೊದಲಿನಂಗ ಇಲ್ಲ. ಆದ್ರೂ ಬುಕ್ ಬಿಡಬ್ಯಾಡ್ರಿ. ಬ್ಯಾಸಗ್ಯಾಗ ಟ್ಯಾಂಕರಿನವ್ರು ಲೆಕ್ಕ ಹೇಳಾಕ ಬಂದಾಗ ಅದೊಂದ ನಮ್ಮ ಕಡೆ ಮಾತಾಡೂದು.

ಬುಕ್ಕನ್ನ 203ರ ಹುಡುಗಿ ಕೈಯಾಗ ಕೊಟ್ಟೀನಿ. ಡಿಗ್ರಿ ಓದಾಕತ್ತಾಳ, ಅಕ್ಷರ ಚಂದ ಅದಾವು. ಸಂಪಿನ ಹತ್ರ ಇರೋ ಎರಡನೇ ವಾಲ್ವ್ ಬಿಗಿ ಐತಿ, ಒಮ್ಮೆಲೇ ತಿರುವಬ್ಯಾಡ್ರಿ. ಅರ್ಧಾ ತಿರುವಿ, ತುಸು ನಿಂತು, ಆಮ್ಯಾಲ ಪೂರಾ ತಿರುವ್ರಿ. ಜೋರ್ ಮಾಡಿದ್ರ ಅದರ ಹಿಡಿಕಿ ಕೈಯಾಗ ಬರತೈತಿ. ಇದನ್ನ ಗಂಡಸರು ಕೇಳೂದಿಲ್ಲ, ಅದಕ್ಕ ಬರದು ಹೇಳಾಕತ್ತೀನಿ.

2021ರ ಮೇ ತಿಂಗಳ ಬಗ್ಗೆ ಎದುರಾ ಎದುರು ಹೇಳಾಕ ನನಗ ಯಾವತ್ತೂ ಆಗಿಲ್ಲ. ಇಲ್ಲೇ ಬರೀತೀನಿ. ಮಾವನವರನ್ನ ತೋರಸಾಕಂತ ಬೆಟಗೇರಿಯಿಂದ ಕರಕೊಂಡು ಬಂದಿದ್ವಿ, ಇದೇ ಮನ್ಯಾಗ ಹೋಗಿಬಿಟ್ರು. ಲಾಕ್‌ಡೌನ್. ಗದಗದಿಂದ ನಮ್ಮ ಮೈದುನ ಒಬ್ಬವನ ಹೆಂಗೋ ಬಂದಾ. ಬಾಕಿ ಬಂಧು ಬಳಗ ಫೋನಿನಾಗ ಅತ್ರು. ಆ ದಿನಗಳಾಗ ಯಾರದ ಮನ್ಯಾಗ ಯಾರು ಹೋದ್ರೂ ಮಂದಿ ಬಾಗಲಾ ಹಾಕ್ಕೊಂತಿದ್ರು, ಅದು ತಪ್ಪಂತ ನಾನು ಅನ್ನೂದಿಲ್ಲ, ಎಲ್ಲಾರಿಗೂ ಜೀವದ ಹೆದರಿಕಿ. ಹೆಗಲು ಕೊಡಾಕ ಯಾರನ್ನ ಕರೀಬೇಕು ಅಂತ ಇವ್ರು ಕುಂತಿರಬೇಕಾದ್ರ, 201ರ ಗೌಡ್ರು, 102ರ ಭಾಯಿ, 402ರ ಮಾಸ್ತರು ಮಾಸ್ಕ್ ಕಟ್ಟಿಕೊಂಡು ಬಂದು ಬಾಗಲದಾಗ ನಿಂತ್ರು. ಯಾರೂ ಕರದಿದ್ದಿಲ್ಲ. 102ರ ಭಾಯಿಯವ್ರು ಆವಾಗ ರೋಜಾ ಹಿಡದಿದ್ರು, ಆ ಬಿಸಲಾಗ ಒಂದು ಹನಿ ನೀರು ಇಲ್ಲದ ಎಲ್ಲಾ ಮುಗ್ಯೂ ತನಕ ಜೋಡಿ ಇದ್ರು.

ಮುಂದ ನಮ್ಮ ಮನ್ಯಾಗ ಒಲಿ ಹಚ್ಚಲಿಲ್ಲ. ದಿನಾ ಮಧ್ಯಾಹ್ನ, ರಾತ್ರಿ ಬಾಗಲದ ಮುಂದಿನ ಸ್ಟೂಲಿನ ಮ್ಯಾಲ ಬುತ್ತಿ ಇರತಿತ್ತು. ಬೆಲ್ ಹೊಡದು, ಇಟ್ಟು, ಪಾವಟಿಗಿ ತನಕ ಹಿಂದ ಸರದು, "ಊಟಾ ಮಾಡ್ರಿ ಅಕ್ಕಾರ" ಅಂತ ಅಲ್ಲಿಂದ ಒದರತಿದ್ರಿ. ಯಾವತ್ತು ಯಾರ ಪಾಳಿ ಅಂತ ನಿಮ್ಮೊಳಗ ನೀವ ಹಂಚಕೊಂಡಿದ್ರಂತ, ನನಗ ಅದು ತಿಳದಿದ್ದು ಭಾಳ ದಿನದ ಮ್ಯಾಲ. ಅತ್ತಿಯವರಿಗೆ ಕಟಕ ರೊಟ್ಟಿ ಕಡ್ಯಾಕ ಆಗೂದಿಲ್ಲಂತ ಯಾರಿಗೆ ಹೊಳೀತೋ ಗೊತ್ತಿಲ್ಲ, ಅವ್ರ ಸಲುವಾಗಿ ಬ್ಯಾರೇನ ಎರಡು ಬಿಸಿ ರೊಟ್ಟಿ ಅರಿವ್ಯಾಗ ಸುತ್ತಿ ಇರತಿದ್ವು. ಅತ್ತಿಯವರು ಈಗೂ ಫೋನ್ ಮಾಡಿದಾಗ ಮೊದಲು ಕೇಳೂದು ನಮ್ಮನ್ನಲ್ಲ, "ಆ ಮನಿಯವ್ರೆಲ್ಲಾ ಆರಾಮ ಅದಾರನು?" ಅಂತ.

ಜಗಳಾನೂ ಆಡೀವಿ ಬಿಡ್ರಿ. ಪಾರ್ಕಿಂಗ್ ಜಗಳ, ಗಣಪತಿ ಪಟ್ಟಿ ಜಗಳ, ಪಾರಿವಾಳಕ್ಕ ಕಾಳು ಹಾಕೋರ ಜೋಡಿ ಜಗಳ. ಬ್ಯಾಡಗಿ ಮೆಣಸಿನಕಾಯಿ ಗಚ್ಚಿ ಮ್ಯಾಲ ಒಣಗಸಾಕ ಹಾಕಿದಾಗ 402ರವ್ರು ಮನಿಮಂದಿಯೆಲ್ಲಾ ಸೀನತೀವಂತ ಕಂಪ್ಲೇಂಟ್ ಕೊಟ್ಟಿದ್ರು. ಆ ವಿಷಯದಾಗ ನಾನು ಇವತ್ತಿಗೂ ಖರೆ ಇದ್ದೀನಿ. ಒಣಗಿಸಿದ ಮೆಣಸಿನಕಾಯಿಯಿಂದ ಸೀನು ಬರೂದಿಲ್ಲ, ಕುಟ್ಟಿದಾಗ ಬರತೈತಿ, ಕುಟ್ಟಿಸಿದ್ದು ಗಿರಣ್ಯಾಗ. ಅದೇ ಖಾರಪುಡಿ ಡಬ್ಬಿ ಅವ್ರ ಮನಿಗೇ ಮೊದಲು ಹೋಗಿತ್ತು, ತಿಂದಾಗ ಯಾರೂ ಸೀನಿಲ್ಲ.

ಡಬ್ಬಿ ಅಂದ ಮ್ಯಾಲ ಇದೊಂದು ಕೆಲಸದ ಮಾತು. ಸಾಮಾನು ಕಟ್ಟೂವಾಗ ನಿಮ್ಮ ಡಬ್ಬಿ, ಪಾತೇಲಿ, ತಾಟು, ಒಂದು ಲಟ್ಟಣಿಗಿ ಸುದ್ದಾ ಹೊರಬಿದ್ದಾವು. ಪಂಚಮಿ ಉಂಡಿ, ಸಂಕ್ರಮಣದ ಕುಸುರೆಳ್ಳು, ದೀಪಾವಳಿ ಚಕ್ಕುಲಿ, ಈದ್ ಸುರಕುಂಬಾ ತಗೊಂಡು ಬಂದವು ಇಲ್ಲೇ ಉಳದಾವು. ಎಲ್ಲಾ ತಿಕ್ಕಿ ಮೂರನೇ ಮಹಡಿ ಪಾವಟಿಗಿ ಬಾಜೂಕ ಟೇಬಲ್ ಮ್ಯಾಲ ಇಟ್ಟೀನಿ. ಹೆಸರು ಹೊಡಸಿದ್ದು ನೋಡಿ ನಿಮ್ಮ ನಿಮ್ಮವು ತಗೊಂಡು ಹೋಗ್ರಿ. "ಸೌ. ಕಸ್ತೂರಿ ಮದವಿ ನೆನಪಿಗೆ" ಅಂತ ಒಂದು ದೊಡ್ಡ ಡಬ್ಬಿ ಐತಿ, ಕಸ್ತೂರಿ ಯಾರಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ. ಮೊದಲು ಇದ್ದು ಬಿಟ್ಟು ಹೋದವ್ರ ಮನೀದು ಇರಬೇಕು. ಅದನ್ನ ಸಂಘದ ಅಡಗಿ ಸಾಮಾನಿನಾಗ ಸೇರಿಸಿಬಿಡ್ರಿ. ನನ್ನ ಎರಡು ಸ್ಟೀಲ್ ಪರಾತ ಯಾರ ಮನ್ಯಾಗ ಅದಾವೋ ನೆನಪಿಲ್ಲ. ಇಟ್ಟುಕೊಂಡವ್ರು ಇಟ್ಟುಕೊಳ್ರಿ, ವಾಪಸ್ ತರಬ್ಯಾಡ್ರಿ, ಕಟ್ಟಾಕ ಜಾಗಾ ಇಲ್ಲ.

ಗಣಪತಿ ಪ್ರಸಾದಕ್ಕ ಬಳಸೋ ದೊಡ್ಡ ಹಂಡೆ, ಝಾರಿ, ಉದ್ದನ್ನ ಏಣಿ ನಮ್ಮ ಮನ್ಯಾಗ ಇರತಿದ್ವು. ಅವನ್ನ ಕೆಳಗ ಮೀಟರ್ ರೂಮಿಗೆ ಇಳಿಸೀವಿ. ಗಚ್ಚಿ ಕೀಲಿ ಸೆಕ್ರೆಟರಿಯವ್ರ ಹತ್ರ. ಮೇಂಟೆನನ್ಸ್ ಈ ತಿಂಗಳದು ತುಂಬಿ ರಶೀದಿ ತಗೊಂಡೀವಿ, ಬಾಕಿ ಏನೂ ಇಲ್ಲ. ಗಿಡದ ಕುಂಡಗಳು ಯಾರಿಗೆ ಬೇಕೋ ಅವ್ರು ತಗೊಳ್ರಿ. ಕಂಪೌಂಡಿನ ನುಗ್ಗಿ ಗಿಡ ಮಾತ್ರ ಕಡ್ಯಾಕ ಬಿಡಬ್ಯಾಡ್ರಿ, ಅದರ ಟೊಂಗಿ ಕೇಬಲ್ಲಿಗೆ ತಾಗತೈತಂತ ವರ್ಷಾ ಒಬ್ರರ ಬರತಾರ. ಟೊಂಗಿ ಕತ್ತರಸಿದ್ರ ಸಾಕು.

ವಾಚ್‌ಮನ್ ಅಜ್ಜಾರಿಗೆ ರಾತ್ರಿ ಎರಡು ರೊಟ್ಟಿ, ಪಲ್ಯಾ ನಮ್ಮ ಮನಿಯಿಂದ ಹೋಗತಿತ್ತು. ಅವ್ರು ಬಾಯಿ ಬಿಟ್ಟು ಕೇಳೋ ಮನಿಶಾ ಅಲ್ಲ. ಸಕ್ಕರಿ ಜಡ್ಡೈತಿ, ಹೊತ್ತಿಗೆ ಸರಿಯಾಗಿ ಊಟ ಬೇಕು, ಎಂಟರ ಮ್ಯಾಲ ಆಗಬಾರದು. ಬುತ್ತಿ ಪಾಳಿ ಹಂಚಕೊಂಡ ಮಂದಿಗೆ ಇದೇನು ದೊಡ್ಡ ಮಾತಲ್ಲ, ಸೋಮವಾರದೊಳಗ ಯಾರ ಪಾಳಿ ಯಾವತ್ತು ಅಂತ ನನಗ ಹೇಳ್ರಿ. ಹೇಳದಿದ್ರ ಗದಗದಿಂದ ಫೋನ್ ಮಾಡಿ ಕೇಳಾಕಿ ನಾನು.

ಇನ್ನ ಬರೋರ ಬಗ್ಗೆ. ಹಾವೇರಿ ಕಡೆಯವ್ರು, ಗಂಡಾ ಹೆಂಡತಿ ಇಬ್ರೂ ನೌಕ್ರಿ, ಒಂದು ಸಣ್ಣ ಹುಡುಗಿ ಐತಿ. ಶನಿವಾರ ಬರತಾರ. ಮೊದಲನೇ ದಿನ ಅವ್ರಿಗೆ ಗ್ಯಾಸ್ ಇರಂಗಿಲ್ಲ, ಯಾರ ಮನ್ಯಾಗರ ಊಟಕ್ಕ ಕರೀರಿ. ಹೆಣ್ಣಮಗಳು ಮಾತು ಕಡಿಮಿ, ಸೊಕ್ಕಂತ ತಿಳಕೋಬ್ಯಾಡ್ರಿ. ಮನಿ ನೋಡಾಕ ಬಂದಾಗ ನನಗೂ ಹಂಗ ಅನಿಸಿತ್ತು, ಚಹಾ ಕುಡ್ಯೂ ಹೊತ್ತಿಗೆ ಅಡಗಿಮನಿ ಕಟ್ಟಿ ಮ್ಯಾಲ ಕುಂತು ಮಾತಾಡಾಕ ಹತ್ತಿದ್ಲು.

ರವಿವಾರ ಸಂಜಿ ಐದಕ್ಕ ಎಲ್ಲಾರೂ ಗಚ್ಚಿ ಮ್ಯಾಲ ಬರ್ರಿ. ಗಿರಮಿಟ್, ಮಿರ್ಚಿ, ಚಹಾ. ಭಾಷಣ ಇಲ್ಲ, ಶಾಲು ಹಾರ ತರಬ್ಯಾಡ್ರಿ, ತಂದ್ರ ಇವ್ರು ಮಾತಾಡಾಕ ಎದ್ದು ನಿಲ್ಲತಾರ. ಎದ್ದು ನಿಂತ್ರ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಾಗ ಎಲ್ಲಾಕಿಂತ ಉದ್ದ ಅನ್ನೋದರಿಂದ ಸುರು ಮಾಡತಾರ, ನೀವು ಎಲ್ಲಾರೂ ಅದನ್ನ ಕೇಳೀರಿ. ನಮ್ಮ ಭಾಂಡೆ ಎಲ್ಲಾ ಕಟ್ಟಿ ಆಗಿರತಾವು, ಹಂಗಾಗಿ ನಿಮ್ಮ ನಿಮ್ಮ ತಾಟು, ಲೋಟ ನೀವ ತರ್ರಿ.

ಗದಗ ಏನು ದೂರ ಅಲ್ಲ, ಅಣ್ಣಿಗೇರಿ ದಾಟಿದ್ರ ಬಂತು. ವೀರನಾರಾಯಣ ಗುಡಿಗೋ, ತ್ರಿಕೂಟೇಶ್ವರಕ್ಕೋ, ಬೆಟಗೇರಿಗೆ ಸೀರಿ ತಗೊಳ್ಳಾಕೋ ಬಂದ್ರ ಮನಿಗೆ ಬರದ ಹೋದ್ರ ನನಗ ತಿಳೀತೈತಿ, ಅಲ್ಲಿ ನಮ್ಮ ಅತ್ತಿಯವರಿಗೆ ಗೊತ್ತಿಲ್ಲದ ಮಂದಿ ಇಲ್ಲ. ಫೋನ್ ನಂಬರ್ ಅದ ಐತಿ.

ನಿಮ್ಮ
ಶೈಲಾ, ಇವ್ರು ಮತ್ತ ಮಕ್ಕಳು
ಮನಿ ನಂ. 304

ತಾ.ಕ.: ಬುಧವಾರ ಮುಂಜಾನೆ ಏಳರಿಂದ ಹನ್ನೊಂದರ ತನಕ ಲಿಫ್ಟ್ ನಮಗ ಬೇಕು. ಲಾರಿ ಒಳಗ ಬರಬೇಕು, ಗೇಟಿನ ಎಡಕ್ಕ ಇರೋ ಸ್ಕೂಟರುಗಳನ್ನ ಮಂಗಳವಾರ ರಾತ್ರೀನ ತಗದು ಇಡ್ರಿ.